ಮಸೂರದಂತಿದ್ದರೆ ಒಂದು, ಬಿದಿಗೆ ಚಂದ್ರನಂತಿದ್ದರೆ ಇನ್ನೊಂದು: ತಲೆಯ ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಗುರುತಿಸುವುದು ಹೇಗೆ?

ಶ್ರೀನಗರ-ಕನ್ಯಾಕುಮಾರಿ ರಾಷ್ಟ್ರೀಯ ಹೆದ್ದಾರಿ 44 ನಾಗ್ಪುರ, ಹೈದರಾಬಾದ್ ದಾಟಿ ಬೆಂಗಳೂರಿಗೂ ಬರುತ್ತದೆ. ಈ ರಸ್ತೆಯಲ್ಲಿ ಬೈಕ್‌ನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರನ್ನು ನಾಗ್ಪುರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸೇರಿಸಿದರೂ, ಬೆಂಗಳೂರಿನ ನಿಮ್ಹಾನ್ಸ್‌ಗೆ ಸೇರಿಸಿದರೂ ವೈದ್ಯರು ಸಿಟಿ ಸ್ಕ್ಯಾನ್‌ನಲ್ಲಿ ಮುಖ್ಯವಾಗಿ ಎರಡು ವಿಷಯ ಹುಡುಕುತ್ತಾರೆ. ರಕ್ತ ಎಲ್ಲಿ ಸೇರಿಕೊಂಡಿದೆ? ಅದು ಮೆದುಳನ್ನು ಎಷ್ಟು ಪಕ್ಕಕ್ಕೆ ತಳ್ಳಿದೆ?

ಆಕಾರ ಬೇರೆ ಏಕೆ?

ತಲೆಬುರುಡೆಯ ಒಳಗೆ, ಮೆದುಳಿನ ಹೊರಗೆ ಡ್ಯೂರಾ ಎಂಬ ಗಟ್ಟಿ ಪೊರೆ ಇದೆ. ಬುರುಡೆಯ ಮೂಳೆಗಳು ಕೂಡುವ ಹೊಲಿಗೆಯಂಥ ಸಂದುಗಳಲ್ಲಿ ಇದು ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ.

ಮೂಳೆ ಮತ್ತು ಡ್ಯೂರಾ ನಡುವೆ ರಕ್ತ ಸೇರಿದರೆ ಅದು ಎಪಿಡ್ಯೂರಲ್. ಕಿವಿಯ ಮೇಲಿನ ತೆಳು ಮೂಳೆ ಮುರಿದು, ಅದರ ಒಳಬದಿಯ ರಕ್ತನಾಳ ಹರಿಯುವುದು ಇದಕ್ಕೆ ಸಾಮಾನ್ಯ ಕಾರಣ. ರಕ್ತ ಸಂದು ದಾಟಿ ಹರಡಲಾರದೆ ಅಲ್ಲೇ ಒಳಮುಖವಾಗಿ ಉಬ್ಬುತ್ತದೆ. ಹೀಗಾಗಿ ಸ್ಕ್ಯಾನ್‌ನಲ್ಲಿ ಎರಡೂ ಬದಿ ಉಬ್ಬಿದ ಮಸೂರದಂತೆ ಬೆಳ್ಳಗೆ ಕಾಣುತ್ತದೆ.

ಡ್ಯೂರಾದ ಕೆಳಗೆ ರಕ್ತ ಸೇರಿದರೆ ಅದು ಸಬ್‌ಡ್ಯೂರಲ್. ಮೆದುಳಿನಿಂದ ಡ್ಯೂರಾಗೆ ಹೋಗುವ ಸಣ್ಣ ಅಭಿಧಮನಿಗಳು ಹರಿದಾಗ ಇದು ಹೆಚ್ಚಾಗಿ ಆಗುತ್ತದೆ. ಇಲ್ಲಿ ಸಂದುಗಳ ತಡೆ ಇಲ್ಲ. ರಕ್ತ ಮೆದುಳಿನ ಮೇಲ್ಮೈಯುದ್ದಕ್ಕೂ ತೆಳುವಾಗಿ ಹರಡಿ ಬಿದಿಗೆ ಚಂದ್ರನ ಆಕಾರ ಪಡೆಯುತ್ತದೆ. ಆದರೆ ಎಡ-ಬಲ ಮೆದುಳನ್ನು ಬೇರ್ಪಡಿಸುವ ನಡುಪೊರೆಯನ್ನು ದಾಟುವುದಿಲ್ಲ.

ಆಕಾರವೊಂದನ್ನೇ ನಂಬುವಂತಿಲ್ಲ. ಸಂದಿನ ಮೂಲಕವೇ ಮೂಳೆ ಒಡೆದಿದ್ದರೆ ಎಪಿಡ್ಯೂರಲ್ ರಕ್ತವೂ ಸಂದು ದಾಟಬಹುದು. ಹಾಗಾಗಿ ಮೂಳೆ ಮುರಿತ, ಸಂದು, ನಡುಪೊರೆ ಮೂರನ್ನೂ ಸೇರಿಸಿ ನೋಡುತ್ತಾರೆ.

ಮಧ್ಯರೇಖೆ ಎಷ್ಟು ಸರಿದಿದೆ?

ಮೆದುಳಿನ ಒಳಗಿನ ಎರಡು ದ್ರವಕೋಶಗಳ ನಡುವೆ ತೆಳುವಾದ ಗೋಡೆಯೊಂದಿದೆ. ಸಾಮಾನ್ಯವಾಗಿ ಅದು ತಲೆಯ ನಟ್ಟನಡುವೆ ಇರುತ್ತದೆ. ಅದು ಸ್ಪಷ್ಟವಾಗಿ ಕಾಣುವ ಪದರದಲ್ಲಿ ಬುರುಡೆಯ ಒಳ ಅಗಲವನ್ನು ಅಳೆದು ಅರ್ಧ ಮಾಡಬೇಕು. ನಂತರ ರಕ್ತ ಇರುವ ಬದಿಯ ಬುರುಡೆಯ ಒಳ ಅಂಚಿನಿಂದ ಆ ಗೋಡೆಗೆ ಇರುವ ದೂರ ಅಳೆಯಬೇಕು.

ಉದಾಹರಣೆಗೆ, ಒಳ ಅಗಲ 140 ಮಿ.ಮೀ. ಇದ್ದರೆ ಅರ್ಧ 70. ಗೋಡೆ 78 ಮಿ.ಮೀ. ದೂರದಲ್ಲಿದ್ದರೆ ಮೆದುಳು 8 ಮಿ.ಮೀ. ಸರಿದಿದೆ ಎಂದರ್ಥ. ಸ್ಕ್ಯಾನ್ ವೇಳೆ ತಲೆ ವಾಲಿದ್ದರೆ ಈ ಲೆಕ್ಕ ತಪ್ಪಬಹುದು.

ಬ್ರೈನ್ ಟ್ರಾಮಾ ಫೌಂಡೇಷನ್‌ನ 2006ರ ಮಾರ್ಗಸೂಚಿ ಪ್ರಕಾರ, ಹೊಸ ಸಬ್‌ಡ್ಯೂರಲ್ ರಕ್ತಸ್ರಾವದ ದಪ್ಪ 10 ಮಿ.ಮೀ.ಗಿಂತ ಹೆಚ್ಚಿದ್ದರೆ ಅಥವಾ ಮಧ್ಯರೇಖೆ 5 ಮಿ.ಮೀ.ಗಿಂತ ಹೆಚ್ಚು ಸರಿದಿದ್ದರೆ, ರೋಗಿ ಎಚ್ಚರವಿದ್ದರೂ ಶಸ್ತ್ರಚಿಕಿತ್ಸೆ ಬೇಕು. ಎಪಿಡ್ಯೂರಲ್‌ನಲ್ಲಿ ರಕ್ತದ ಪ್ರಮಾಣ 30 ಮಿ.ಲೀ. ದಾಟಿದರೆ ಇದೇ ನಿಯಮ.

ಮಧ್ಯರೇಖೆ ನೇರವಾಗಿದೆ ಎಂದ ಮಾತ್ರಕ್ಕೆ ಅಪಾಯವಿಲ್ಲ ಎನ್ನುವಂತಿಲ್ಲ. ಎರಡೂ ಬದಿಯಲ್ಲಿ ರಕ್ತ ಸೇರಿದ್ದರೆ ಒತ್ತಡ ಎರಡೂ ಕಡೆಯಿಂದ ಬಿದ್ದು, ಗೋಡೆ ಇದ್ದಲ್ಲೇ ಇರಬಹುದು.

ಸದ್ಗುರು ಪ್ರಕರಣದಲ್ಲಿ ಆಗಿದ್ದೇನು?

ಮೈಸೂರು ಮೂಲದ ಸದ್ಗುರು ಜಗ್ಗಿ ವಾಸುದೇವ್ ಅವರಿಗೆ 2024ರಲ್ಲಿ ಸುಮಾರು ನಾಲ್ಕು ವಾರಗಳಿಂದ ತೀವ್ರ ತಲೆನೋವಿತ್ತು. ಮಾರ್ಚ್ 15ರ ಎಂಆರ್‌ಐನಲ್ಲಿ ಸಬ್‌ಡ್ಯೂರಲ್ ರಕ್ತಸ್ರಾವ ಪತ್ತೆಯಾಯಿತು. ಮೂರು-ನಾಲ್ಕು ವಾರ ಹಳೆಯ ರಕ್ತದ ಜೊತೆಗೆ ಒಂದೆರಡು ದಿನಗಳ ಹೊಸ ರಕ್ತವೂ ಇತ್ತು ಎಂದು ದೆಹಲಿಯ ಅಪೋಲೋ ಆಸ್ಪತ್ರೆ ವೈದ್ಯರು ತಿಳಿಸಿದ್ದರು. ಮಾರ್ಚ್ 17ರಂದು ಎಡಗಾಲಿನ ಬಲ ಕುಂದಿ, ವಾಂತಿ ಹೆಚ್ಚಾಯಿತು. ಸಿಟಿ ಸ್ಕ್ಯಾನ್‌ನಲ್ಲಿ ಮೆದುಳು ಊದಿಕೊಂಡು ಒಂದು ಬದಿಗೆ ಸರಿದಿರುವುದು ಕಂಡುಬಂತು. ಅಂದೇ ಶಸ್ತ್ರಚಿಕಿತ್ಸೆ ನಡೆಯಿತು. ಮಾರ್ಚ್ 27ರಂದು ಅವರು ಆಸ್ಪತ್ರೆಯಿಂದ ಬಿಡುಗಡೆಯಾದರು.

ಹಳೆಯ ರಕ್ತ ಸಿಟಿಯಲ್ಲಿ ಮೋಸ ಮಾಡುವುದೂ ಉಂಟು. ಹೊಸ ರಕ್ತ ಬೆಳ್ಳಗಿದ್ದರೆ, ಒಂದರಿಂದ ಮೂರು ವಾರಗಳ ನಡುವೆ ಅದರ ಬಣ್ಣ ಮೆದುಳಿನ ಬಣ್ಣಕ್ಕೇ ಹೊಂದಿಕೊಳ್ಳುತ್ತದೆ. ನಂತರ ಕಪ್ಪಾಗುತ್ತದೆ. ಬಣ್ಣ ಬೆರೆತಾಗ ಮಧ್ಯರೇಖೆ ಸರಿದಿರುವುದು ಮತ್ತು ಒಂದು ಬದಿಯ ಮೆದುಳಿನ ಮಡಿಕೆಗಳು ಮುಚ್ಚಿಹೋಗಿರುವುದೇ ವೈದ್ಯರಿಗೆ ಸುಳಿವು.

ಮನೆಯವರು ಗಮನಿಸಬೇಕಾದದ್ದು

ಎಪಿಡ್ಯೂರಲ್‌ನಲ್ಲಿ ಕೆಲವರು ಪೆಟ್ಟು ಬಿದ್ದ ಬಳಿಕ ಎಚ್ಚೆತ್ತು ಮಾತನಾಡುತ್ತಾರೆ, ಕೆಲ ಗಂಟೆಗಳಲ್ಲಿ ಮತ್ತೆ ಪ್ರಜ್ಞೆ ತಪ್ಪುತ್ತಾರೆ. ಸಬ್‌ಡ್ಯೂರಲ್‌ನಲ್ಲಿ, ಅದರಲ್ಲೂ ವಯಸ್ಸಾದವರು ಮತ್ತು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ, ಸಣ್ಣ ಪೆಟ್ಟಿನ ಪರಿಣಾಮ ವಾರಗಳ ಬಳಿಕ ಕಾಣಿಸಬಹುದು. ತಲೆನೋವು ಹೆಚ್ಚುತ್ತಾ ಹೋದರೆ, ಪದೇಪದೆ ವಾಂತಿಯಾದರೆ, ಮಂಪರು ಕವಿದರೆ ಅಥವಾ ಒಂದು ಕೈ-ಕಾಲು ಬಲ ಕಳೆದುಕೊಂಡರೆ ಬೆಳಗಾಗಲಿ ಎಂದು ಕಾಯದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು.