ಹನ್ನೊಂದು ತಿಂಗಳ ಕರಾರು, ಹನ್ನೆರಡನೆಯ ತಿಂಗಳ ಲೆಕ್ಕ

ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್ ಒಬ್ಬರು 2026ರ ಜನವರಿ 1ರಂದು ಕೆಲಸಕ್ಕೆ ಸೇರಿದರು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕೈಯಲ್ಲಿ 18 ತಿಂಗಳ ನಿಗದಿತ ಅವಧಿಯ ನೇಮಕಾತಿ ಪತ್ರ, ತಿಂಗಳಿಗೆ ಒಟ್ಟು 39,000 ರೂಪಾಯಿ ಸಂಬಳ. 2027ರ ಜೂನ್ 30ಕ್ಕೆ ಅವಧಿ ಮುಗಿಯುತ್ತದೆ, ಕಂಪನಿ ಮುಂದುವರಿಸುವುದಿಲ್ಲ. ಆ ದಿನ ಅವರಿಗೆ ಬರಬೇಕಾದ ಗ್ರಾಚ್ಯುಟಿ 16,875 ರೂಪಾಯಿ. ಹಳೆಯ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಐದು ವರ್ಷ ತುಂಬಬೇಕಿತ್ತು. ಸಾವು ಅಥವಾ ಅಂಗವೈಕಲ್ಯದ ಸಂದರ್ಭ ಬಿಟ್ಟರೆ, ಒಂದೂವರೆ ವರ್ಷ ದುಡಿದವರ ಪಾಲಿಗೆ ಅಲ್ಲಿದ್ದದ್ದು ಸೊನ್ನೆ.

ಈ ಬದಲಾವಣೆ ತಂದದ್ದು 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು. ಇಲ್ಲಿ ಹೇಳುತ್ತಿರುವುದು ಕಂಪನಿಯೇ ನೇರವಾಗಿ, ಲಿಖಿತ ಕರಾರಿನ ಮೇಲೆ, ಇಂತಿಷ್ಟು ಕಾಲಕ್ಕೆಂದು ತೆಗೆದುಕೊಂಡ ನೌಕರರ ವಿಷಯ. ಕಂಟ್ರಾಕ್ಟರ್ ಮೂಲಕ ಬಂದವರ ಲೆಕ್ಕ ಬೇರೆ. ನೇರ ನೇಮಕದ ಈ ನೌಕರರಿಗೆ ಅದೇ ಕೆಲಸ ಮಾಡುವ ಕಾಯಂ ನೌಕರರಿಗಿಂತ ಕಡಿಮೆ ಸಂಬಳ, ಭತ್ಯೆ ಕೊಡುವಂತಿಲ್ಲ. ಕಾನೂನಿನ ಸೌಲಭ್ಯಗಳನ್ನೂ ದುಡಿದ ಕಾಲಕ್ಕೆ ತಕ್ಕಷ್ಟು ಕೊಡಲೇಬೇಕು.

16,875 ಹೇಗೆ ಬಂತು ಎಂಬುದನ್ನು ಬಿಡಿಸಿ ನೋಡಬೇಕು, ಏಕೆಂದರೆ ಹಣ ಸೋರಿಹೋಗುವುದು ಇಲ್ಲಿಯೇ. ನಮ್ಮ ಆಪರೇಟರ್ ಸಂಬಳದ ಚೀಟಿಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,600 ರೂಪಾಯಿ ಇದೆ. ಉಳಿದ 23,400 ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಇತ್ಯಾದಿ. ಅಂದರೆ ಭತ್ಯೆಗಳ ಪಾಲು ಶೇ 60. ಹೊಸ ಸಂಹಿತೆಗಳ ಪ್ರಕಾರ ವೇತನದ ಲೆಕ್ಕದಿಂದ ಹೊರಗಿಡುವ ಇಂಥ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ದಾಟಬಾರದು. ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಒಟ್ಟಿನ ಅರ್ಧ 19,500, ಹೆಚ್ಚಾದದ್ದು 3,900. ಅದನ್ನು 15,600ಕ್ಕೆ ಸೇರಿಸಿದರೆ ಲೆಕ್ಕಕ್ಕೆ ಹಿಡಿಯಬೇಕಾದ ವೇತನ 19,500 ರೂಪಾಯಿ.

ಗ್ರಾಚ್ಯುಟಿಗೆ ತಿಂಗಳ ವೇತನವನ್ನು 26ರಿಂದ ಭಾಗಿಸಬೇಕೆಂದು ಕಾನೂನಿನಲ್ಲೇ ಇದೆ. 19,500 ಭಾಗ 26 ಎಂದರೆ ದಿನಕ್ಕೆ 750. ವರ್ಷಕ್ಕೆ 15 ದಿನದಂತೆ 11,250, ಒಂದೂವರೆ ವರ್ಷಕ್ಕೆ 16,875. ಲೆಕ್ಕ ವಿಭಾಗದವರು ಹಳೆಯ ರೂಢಿಯಂತೆ ಚೀಟಿಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನಷ್ಟೇ ಹಿಡಿದರೆ ದಿನಕ್ಕೆ 600, ಒಟ್ಟು 13,500 ಆಗುತ್ತದೆ. ಒಬ್ಬರಿಗೆ 3,375 ರೂಪಾಯಿ ಖೋತಾ. ಹೀಗಾಗಿ ಅಂತಿಮ ಲೆಕ್ಕದ ಹಾಳೆ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕೊನೆಯ ಮೊತ್ತವನ್ನಲ್ಲ, ಯಾವ ವೇತನವನ್ನು 26ರಿಂದ ಭಾಗಿಸಿದ್ದಾರೆ ಎಂಬುದನ್ನು. ಗ್ರಾಚ್ಯುಟಿ ಬಾಕಿಯಾದ ದಿನದಿಂದ 30 ದಿನಗಳೊಳಗೆ ಪಾವತಿಯಾಗಬೇಕು. ತಡವಾದರೆ ಸರಳ ಬಡ್ಡಿ ಸೇರಬೇಕು.

ರಜೆಯ ಹಣ ಇದಕ್ಕಿಂತ ಚಿಕ್ಕದು, ಮರೆತುಹೋಗುವುದೂ ಹೆಚ್ಚು. ವರ್ಷದಲ್ಲಿ 180 ದಿನ ಕೆಲಸ ಮಾಡಿದ ಕಾರ್ಮಿಕರಿಗೆ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳಸಹಿತ ರಜೆ ಸಿಗುತ್ತದೆ. ಕಾರ್ಖಾನೆ ಕಾಯ್ದೆಯಲ್ಲಿ ಈ ಅರ್ಹತೆಗೆ 240 ದಿನ ಬೇಕಿತ್ತು. ನಮ್ಮ ಆಪರೇಟರ್ 2026ರಲ್ಲಿ 280 ದಿನ ದುಡಿದರು, ಹಾಗಾಗಿ 14 ದಿನ ರಜೆ. 2027ರ ಮೊದಲ ಆರು ತಿಂಗಳಲ್ಲಿ 140 ದಿನ ದುಡಿದರು. 180 ಆಗಲಿಲ್ಲವಲ್ಲ, ಆ ವರ್ಷದ ರಜೆ ಇಲ್ಲ ಎಂದು ಹೇಳುವವರಿದ್ದಾರೆ. ಆ ಮಾತು ನಿಲ್ಲುವುದಿಲ್ಲ. ಅರ್ಹತೆಯ ಅವಧಿ ತುಂಬದಿದ್ದರೂ ಸೌಲಭ್ಯ ಪ್ರಮಾಣಾನುಸಾರ ಸಿಗಬೇಕೆಂಬುದು ನಿಗದಿತ ಅವಧಿಯ ನೌಕರಿಯ ವ್ಯಾಖ್ಯೆಯೊಳಗೇ ಇದೆ. ಆದ್ದರಿಂದ ಇನ್ನೂ 7 ದಿನ ಸೇರಿ ಒಟ್ಟು 21. ಅದರಲ್ಲಿ 9 ದಿನ ರಜೆ ಬಳಸಿದ್ದರೆ ಉಳಿದದ್ದು 12. ದಿನಕ್ಕೆ 750ರಂತೆ 9,000 ರೂಪಾಯಿ. ಕೆಲವು ಕಂಪನಿಗಳು ರಜೆಗೆ ಮಾತ್ರ 30ರಿಂದ ಭಾಗಿಸುತ್ತವೆ. ಆಗ ದಿನಕ್ಕೆ 650, ಕೈಗೆ ಬರುವುದು 7,800. ಕಾಯಂ ನೌಕರರ ರಜೆ ನಗದೀಕರಣಕ್ಕೆ ಅಲ್ಲಿ ಯಾವ ಸಂಖ್ಯೆ ಬಳಸುತ್ತಾರೋ ಅದೇ ಇವರಿಗೂ ಅನ್ವಯಿಸಬೇಕು ಎಂದು ಧೈರ್ಯವಾಗಿ ಕೇಳಬಹುದು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಕಾರಣ ಕೊಡದೆ ಮನೆಗೆ ಕಳಿಸಬಹುದೇ? ಪತ್ರದಲ್ಲಿರುವ ಕೊನೆಯ ದಿನ ಬಂದಾಗ, ಹೌದು. ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿ ಅವಧಿ ಮುಗಿದು ಕೆಲಸ ನಿಂತರೆ ಅದು ಕೆಲಸ ಕಡಿತ, ಅಂದರೆ ರಿಟ್ರೆಂಚ್‌ಮೆಂಟ್ ಅಲ್ಲ. ಕಡಿತ ಅಲ್ಲವಾದ ಮೇಲೆ ಅದರ ಜೊತೆ ಬರುವ ಯಾವುದೂ ಇಲ್ಲ. ಆ ಇಲ್ಲದ್ದರ ಬೆಲೆ ಎಷ್ಟೆಂದು ಹಾಕಿ ನೋಡಿದರೆ, ಗ್ರಾಚ್ಯುಟಿಯ ಸಂತೋಷ ಸ್ವಲ್ಪ ಇಳಿಯುತ್ತದೆ.

ಅದೇ ಯಂತ್ರದ ಪಕ್ಕದಲ್ಲಿ, ಅದೇ ಸಂಬಳಕ್ಕೆ, ಅದೇ ದಿನ ಕಾಯಂ ಆಗಿ ಸೇರಿದ ಇನ್ನೊಬ್ಬರನ್ನು ಅದೇ ಜೂನ್ 30ಕ್ಕೆ ಕಡಿತ ಮಾಡಿದರು ಎನ್ನೋಣ. ಕಾರಣ ತಿಳಿಸುವ ಒಂದು ತಿಂಗಳ ಲಿಖಿತ ನೋಟಿಸ್ ಅವರಿಗೆ ಕೊಡಬೇಕು, ಇಲ್ಲವೇ ಆ ತಿಂಗಳ ವೇತನ 19,500 ಕೊಡಬೇಕು. ಜೊತೆಗೆ ಪೂರ್ಣಗೊಂಡ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ. ಇಲ್ಲಿ 26ರ ಭಾಗಾಕಾರ ಬರುವುದಿಲ್ಲ, ತಿಂಗಳ ಅರ್ಧವೆಂದೇ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಹಳೆಯ ಕಾಯ್ದೆಯಡಿ ಹೇಳಿದೆ. ಹಾಗಾಗಿ 9,750. ಕೊನೆಯ ಆರು ತಿಂಗಳಿಗೆ ಪ್ರತ್ಯೇಕ ಹಣವಿಲ್ಲ, ಆರು ತಿಂಗಳು ದಾಟಿದರೆ ಮಾತ್ರ ಅದು ಇನ್ನೊಂದು ವರ್ಷವಾಗುತ್ತದೆ. ಇದರ ಮೇಲೆ, ಕಡಿತವಾದವರ ಮರುಕೌಶಲ ನಿಧಿಗೆ ಕಂಪನಿ ಇನ್ನೂ 15 ದಿನದ ವೇತನ ಕಟ್ಟಬೇಕು. ಆ ಹಣ ಕಾರ್ಮಿಕರ ಖಾತೆಗೇ ಬರಬೇಕು. ಅದನ್ನೂ ತಿಂಗಳ ಅರ್ಧವೆಂದು ಹಿಡಿದರೆ 9,750. ಎಲ್ಲ ಸೇರಿ 39,000 ರೂಪಾಯಿ. ಐದು ವರ್ಷ ತುಂಬದ್ದರಿಂದ ಈ ಕಾಯಂ ನೌಕರರಿಗೆ ಗ್ರಾಚ್ಯುಟಿ ಇಲ್ಲ.

ಒಂದು ಕಡೆ 16,875, ಇನ್ನೊಂದು ಕಡೆ 39,000. ರಜೆಯ ಹಣ ಇಬ್ಬರಿಗೂ ಸಮ. ಒಬ್ಬರನ್ನು ಕಳಿಸಲು ಕಂಪನಿಗೆ 22,125 ರೂಪಾಯಿ ಕಡಿಮೆ ಖರ್ಚು, ಕಾರಣ ಬರೆದುಕೊಡುವ ಹೊಣೆಯೂ ಇಲ್ಲ. ನಿಗದಿತ ಅವಧಿಯ ನೇಮಕ ಹೆಚ್ಚಾದರೆ ಅದರ ಹಿಂದೆ ಈ ಅಂಕಿಯೂ ಇರುತ್ತದೆ. ಕರಾರಿನ ಗರಿಷ್ಠ ಅವಧಿ ಎಷ್ಟು, ಎಷ್ಟು ಬಾರಿ ನವೀಕರಿಸಬಹುದು ಎಂಬುದಕ್ಕೆ ಸಂಹಿತೆ ಮಿತಿ ಹಾಕಿಲ್ಲ. ನನ್ನ ಮಟ್ಟಿಗೆ ಇದು ಈ ಕಾನೂನಿನ ದೊಡ್ಡ ಲೋಪ.

ಅವಧಿಯ ನಡುವೆಯೇ ನಿಲ್ಲಿಸಿದರೆ ಚಿತ್ರ ಬದಲಾಗುತ್ತದೆ. ಆರ್ಡರ್ ಇಲ್ಲವೆಂದು ನಮ್ಮ ಆಪರೇಟರನ್ನು 14ನೆಯ ತಿಂಗಳ ಕೊನೆಗೆ ಕಳಿಸಿದರೆ ಅವಧಿ ಮುಗಿದಿಲ್ಲ, ಹಾಗಾಗಿ ಆ ರಿಯಾಯಿತಿ ಕಂಪನಿಗೆ ಸಿಗುವುದಿಲ್ಲ. ಆಗ ಕಾರಣಸಹಿತ ನೋಟಿಸ್ ಅಥವಾ 19,500, ಪರಿಹಾರ 9,750, ಮರುಕೌಶಲ ನಿಧಿಯ ಹಣ, ಮೇಲಾಗಿ 14 ತಿಂಗಳ ಗ್ರಾಚ್ಯುಟಿ 13,125 ಕೇಳಬಹುದು. ಒಂದು ಸಾಲು ಮಾತ್ರ ಇದನ್ನು ಕೆಡಿಸಬಲ್ಲದು. ‘ಯಾವುದೇ ಕಡೆಯವರು 30 ದಿನದ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು’ ಎಂಬ ಷರತ್ತು ಕರಾರಿನಲ್ಲಿದ್ದರೆ, ಆ ಷರತ್ತಿನಡಿ ಮುಗಿಸಿದ್ದು ಕಡಿತವಲ್ಲ ಎಂದು ಕಂಪನಿ ವಾದಿಸುತ್ತದೆ. ಆ ವಾದಕ್ಕೆ ಸಂಹಿತೆಯಲ್ಲಿ ಆಧಾರವಿದೆ. ಆದ್ದರಿಂದ ಸಹಿ ಹಾಕುವ ಮುನ್ನ ಕೊನೆಯ ದಿನಾಂಕಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಈ ಸಾಲಿಗೆ. ಅದು ಇದ್ದರೆ 18 ತಿಂಗಳ ಕರಾರು ನಿಜದಲ್ಲಿ 30 ದಿನದ ಕರಾರು.

ಈಗ ಶೀರ್ಷಿಕೆಯ ಹನ್ನೊಂದು ತಿಂಗಳು. ಔದ್ಯೋಗಿಕ ಸಂಬಂಧಗಳ ಸಂಹಿತೆ, ಕರಾರಿನಡಿ ಒಂದು ವರ್ಷ ಸೇವೆ ಸಲ್ಲಿಸಿದ ಕಾರ್ಮಿಕರು ಗ್ರಾಚ್ಯುಟಿಗೆ ಅರ್ಹರು ಎನ್ನುತ್ತದೆ. ಸರ್ಕಾರವೂ ಪ್ರಚಾರದಲ್ಲಿ ಒಂದು ವರ್ಷವೆಂದೇ ಹೇಳಿದೆ. ಹಾಗಾದರೆ ಕರಾರನ್ನು 11 ತಿಂಗಳಿಗೆ ಬರೆದರಾಯಿತು ಎಂಬ ಯೋಚನೆ ಸಹಜವಾಗಿ ಹುಟ್ಟುತ್ತದೆ. ನಮ್ಮ ಆಪರೇಟರ್ ವೇತನದಲ್ಲಿ 11 ತಿಂಗಳ ಪಾಲು 10,312 ರೂಪಾಯಿ 50 ಪೈಸೆ. ಇಂಥ 300 ಜನರಿದ್ದರೆ ಒಂದು ಸುತ್ತಿಗೆ ಉಳಿಯುವುದು ಸುಮಾರು 31 ಲಕ್ಷ.

ಆದರೆ ಗ್ರಾಚ್ಯುಟಿ ಕೊಡಿಸುವ ಕಾನೂನು ಸಾಮಾಜಿಕ ಭದ್ರತಾ ಸಂಹಿತೆ. ಅದರಲ್ಲಿ ಈ ಒಂದು ವರ್ಷದ ಗೆರೆ ಕಾಣುವುದಿಲ್ಲ. ನಿಗದಿತ ಅವಧಿ ಮುಗಿದವರಿಗೆ ಐದು ವರ್ಷ ಬೇಕಿಲ್ಲ, ಪ್ರಮಾಣಾನುಸಾರ ಕೊಡಬೇಕು ಎಂದಷ್ಟೇ ಅಲ್ಲಿದೆ. ಇದಲ್ಲದೆ ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದನ್ನು ಒಂದು ವರ್ಷದ ನಿರಂತರ ಸೇವೆಯೆಂದೇ ಪರಿಗಣಿಸಬೇಕು ಎಂಬ ನಿಯಮವೂ ಅಲ್ಲೇ ಇದೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಕಡೆ 190 ದಿನ ಸಾಕು. ಹನ್ನೊಂದು ತಿಂಗಳು ಬಿಡದೆ ಬಂದವರ ಹಾಜರಿ 240ನ್ನು ಸುಲಭವಾಗಿ ದಾಟುತ್ತದೆ. ಈ ಎರಡು ನಿಯಮಗಳನ್ನು ಒಟ್ಟಿಗೆ ಹಿಡಿದು 10,312 ರೂಪಾಯಿಗೆ ಅರ್ಜಿ ಹಾಕುವುದು ಬಲವಾದ ವಾದವೇ. ಕಂಪನಿ ಒಂದು ವರ್ಷದ ಮಾತನ್ನು ಎತ್ತುತ್ತದೆ, ತೀರ್ಮಾನ ಗ್ರಾಚ್ಯುಟಿ ಪ್ರಾಧಿಕಾರದ ಮುಂದೆ, ಕೊನೆಗೆ ಕೋರ್ಟಿನಲ್ಲಿ ಆಗಬೇಕು.

ಹನ್ನೊಂದು ತಿಂಗಳು, ಒಂದು ವಾರ ಬಿಡುವು, ಹೊಸ ನೌಕರ ಸಂಖ್ಯೆ, ಮತ್ತೆ ಹನ್ನೊಂದು ತಿಂಗಳು. ಇದು ನಡೆಯುತ್ತಿದೆ ಎಂದು ತೋರಿಸುವ ದಾಖಲೆ ಕಾರ್ಮಿಕರ ಬಳಿಯೇ ಇದೆ. ನೌಕರ ಸಂಖ್ಯೆ ಬದಲಾದರೂ ಪಿಎಫ್‌ನ UAN ಬದಲಾಗುವುದಿಲ್ಲ. ಸೇರಿದ ದಿನ, ಬಿಟ್ಟ ದಿನ, ಪ್ರತಿ ತಿಂಗಳ ಜಮೆ ಎಲ್ಲವೂ ಅದರಲ್ಲಿ ಸಾಲಾಗಿ ಕಾಣುತ್ತವೆ. ಕಾಯಂ ಹಕ್ಕು ತಪ್ಪಿಸುವ ಉದ್ದೇಶದಿಂದ ತಾತ್ಕಾಲಿಕ ಅಥವಾ ಬದಲಿ ನೌಕರರನ್ನು ವರ್ಷಗಟ್ಟಲೆ ಹಾಗೆಯೇ ಇರಿಸಿಕೊಳ್ಳುವುದು ಸಂಹಿತೆಯ ಪಟ್ಟಿಯಲ್ಲಿ ಅನುಚಿತ ಕಾರ್ಮಿಕ ಪದ್ಧತಿ. ಆ ಪಟ್ಟಿಯಲ್ಲಿ ನಿಗದಿತ ಅವಧಿಯ ನೌಕರರ ಹೆಸರು ನೇರವಾಗಿ ಇಲ್ಲದ ಕಾರಣ ವಾದ ಹೂಡಲು ಉದ್ದೇಶವನ್ನು ಸಾಬೀತು ಮಾಡಬೇಕಾಗುತ್ತದೆ, ಅದಕ್ಕೆ ಈ ಜಮೆಯ ಸಾಲುಗಳು ಬೇಕು.

ಕರ್ನಾಟಕದ ಟೆಲಿಕಾಂ ದಿನಗೂಲಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದ ಮಾತು ಇಲ್ಲಿ ನೆರವಿಗೆ ಬರುತ್ತದೆ. ಕೆಲಸ ಒಂದು ಯೋಜನೆಗೆ ಅಥವಾ ಅವಧಿಗೆ ಮಾತ್ರ ಎಂದು ಸೇರುವಾಗಲೇ ಕಾರ್ಮಿಕರಿಗೆ ತಿಳಿಸಿದ್ದನ್ನು ಮಾಲೀಕರೇ ಸಾಬೀತುಪಡಿಸಬೇಕು, ಇಲ್ಲದಿದ್ದರೆ ಅದು ಕಡಿತವೇ. ಅದು ಹಳೆಯ ಕಾಯ್ದೆಯ ತೀರ್ಪು. ಹೊಸ ಸಂಹಿತೆಯೂ ಲಿಖಿತ ಕರಾರನ್ನೇ ಕೇಳುತ್ತದೆ. ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ ಹಿಂದಿನ ದಿನಾಂಕ ಹಾಕಿದ ಕರಾರಿಗೆ ಸಹಿ ಕೇಳಿದರೆ, ಸಹಿಯ ಕೆಳಗೆ ಆ ದಿನದ ದಿನಾಂಕವನ್ನು ನಿಮ್ಮ ಕೈಯಾರೆ ಬರೆದು, ಒಂದು ಪ್ರತಿ ಇಟ್ಟುಕೊಳ್ಳಿ.