ಸೆಂಟ್ರಿಂಗ್ ಕುಸಿದ ದಿನ ಬರೆಯುವ ಪತ್ರ

ಉದಾಹರಣೆಗೆ, ಬೆಂಗಳೂರಿನ ಒಂದು ಕಟ್ಟಡದಲ್ಲಿ ಮೂರನೇ ಮಹಡಿಯ ಸ್ಲ್ಯಾಬ್‌ಗೆ ಕಾಂಕ್ರೀಟ್ ಹಾಕುವಾಗ ಮಧ್ಯಾಹ್ನ 3.40ಕ್ಕೆ ಸೆಂಟ್ರಿಂಗ್‌ನ ಒಂದು ಭಾಗ ಕುಸಿಯಿತು ಎನ್ನಿ. 6 ಮೀಟರ್ ಉದ್ದ, 5 ಮೀಟರ್ ಅಗಲದ, 150 ಮಿಲಿಮೀಟರ್ ದಪ್ಪದ ಭಾಗ. ಅಂದರೆ ನಾಲ್ಕೂವರೆ ಘನ ಮೀಟರ್ ಹಸಿ ಕಾಂಕ್ರೀಟ್, ಸುಮಾರು 11 ಟನ್ ತೂಕ. ಅದೃಷ್ಟಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಗುತ್ತಿಗೆದಾರರ ಆಲ್ ರಿಸ್ಕ್ಸ್ ಪಾಲಿಸಿ ಇದ್ದರೆ ವಿಮಾ ಕಂಪನಿಗೆ ಕೂಡಲೇ ಫೋನಿನಲ್ಲಿ ತಿಳಿಸಿ, ನಂತರ ಪತ್ರ ಬರೆಯಬೇಕು. ಸಾಮಾನ್ಯ ಷರತ್ತಿನ ಪ್ರಕಾರ 14 ದಿನದೊಳಗೆ ಸೂಚನೆ ತಲುಪದಿದ್ದರೆ ಕಂಪನಿಗೆ ಹೊಣೆಯಿಲ್ಲ.

ಪತ್ರದಲ್ಲಿ ಪಾಲಿಸಿ ಸಂಖ್ಯೆ, ಸ್ಥಳ, ಸಮಯ, ಕುಸಿದ ಜಾಗದ ಅಳತೆ ಇರಲಿ. ಬಾಗಿದ ಜಾಕಿ, ಮುರಿದ ಪ್ಲೈವುಡ್, ಸೊಟ್ಟಗಾದ ಕಂಬಿ, ಕೆಳಮಹಡಿಯ ಸ್ಲ್ಯಾಬ್‌ಗೆ ಬಿದ್ದ ಪೆಟ್ಟನ್ನು ಬೇರೆಬೇರೆಯಾಗಿ ಬರೆಯಬೇಕು. ನಷ್ಟದ ಮೊತ್ತ ‘ತಾತ್ಕಾಲಿಕ ಅಂದಾಜು’ ಎಂದೇ ಇರಲಿ.

ಎಡವುವುದು ಕಾರಣದ ಸಾಲಿನಲ್ಲಿ. ‘ಜಾಕಿ ಸರಿಯಾಗಿ ಕಟ್ಟಿರಲಿಲ್ಲ’ ಎಂದು ಮೇಸ್ತ್ರಿ ಹೇಳಿದ್ದನ್ನು ಎಂಜಿನಿಯರ್ ಅವಸರದಲ್ಲಿ ಬರೆದುಬಿಡುತ್ತಾರೆ. ಕಳಪೆ ಕೆಲಸವನ್ನು ಸರಿಪಡಿಸುವ ಖರ್ಚು ಸಾಮಾನ್ಯವಾಗಿ ಪಾಲಿಸಿಯಲ್ಲಿ ಸಿಗುವುದಿಲ್ಲ; ಅದರಿಂದ ಬೇರೆ ಭಾಗಕ್ಕಾದ ಹಾನಿ ಸಿಗಬಹುದು. ಹಾಗೆಂದು ಗೊತ್ತಿರುವುದನ್ನು ಮುಚ್ಚಿಡುವುದೂ ತಪ್ಪೇ. ಕಂಡದ್ದನ್ನು ಬರೆದು, ‘ಕಾರಣದ ಪರಿಶೀಲನೆ ನಡೆದಿದೆ’ ಎಂದರೆ ಸಾಕು.

ಸರ್ವೇಯರ್ ಬರುವವರೆಗೆ ಅವಶೇಷ ತೆಗೆಯಬಾರದು. ಅಪಾಯವಿದ್ದು ತೆಗೆಯಲೇಬೇಕಾದರೆ ಮೊದಲು ಎಲ್ಲ ಕೋನಗಳಿಂದ ಫೋಟೋ ತೆಗೆದು, ಬಾಗಿದ ಜಾಕಿಗಳನ್ನು ಗುರುತು ಹಾಕಿ ಪಕ್ಕದಲ್ಲಿ ಇಡಬೇಕು. ಗುಜರಿಗೆ ಹೋದ ಜಾಕಿಯನ್ನು ಯಾವ ಸರ್ವೇಯರ್ ಕೂಡ ಪರೀಕ್ಷಿಸಲಾರ.