ಸಂಜೆ ಓದಿನ ಕೇಂದ್ರಕ್ಕೆ ಅನುದಾನ: ಅರ್ಜಿಯಲ್ಲಿ ಏನಿರಬೇಕು?

ಕಳೆದ ತಿಂಗಳ ಜುಮಾ ಖುತ್ಬಾದಲ್ಲಿ ಮಕ್ಕಳ ವಿದ್ಯೆಯ ಮಾತು ಬಂದಿತ್ತು. ನಮಾಝಿನ ನಂತರ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಕೆಲವು ಜಮಾತಿನವರು ಸೇರಿ, ಹಳ್ಳಿಯ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಓದಿಸುವ ಕೇಂದ್ರ ತೆರೆಯಲು ದೊಡ್ಡ ಸಂಸ್ಥೆಗಳಿಂದ ಅನುದಾನ ಕೇಳಬಹುದೇ ಎಂದು ವಿಚಾರಿಸಿದರು. ಕೇಳಬಹುದು. ಆದರೆ ಅರ್ಜಿ ಬರೆಯುವ ಮೊದಲೇ ತೀರ್ಮಾನವಾಗಬೇಕಾದ ಕೆಲವು ವಿಷಯಗಳಿವೆ. ಅವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲನೆಯದು, ಅರ್ಜಿದಾರರು ಯಾರು ಎಂಬುದು. ಮಸೀದಿ ಕಮಿಟಿಯ ಹೆಸರಿನಲ್ಲಿ ಅರ್ಜಿ ಹಾಕಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ಹಣವನ್ನು, ಅಂದರೆ ಸಿಎಸ್‌ಆರ್ ಹಣವನ್ನು, ಹೊರಗಿನ ಟ್ರಸ್ಟಿಗೆ ಕೊಡಬೇಕಾದರೆ ಆ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ಎಂದು ನಾವೆಲ್ಲ ಕರೆಯುವ ನೋಂದಣಿಗಳಿರಬೇಕು. ಒಂದೇ ಧರ್ಮದವರ ಅಥವಾ ಒಂದೇ ಜಾತಿಯವರ ಪ್ರಯೋಜನಕ್ಕೆಂದು ಸ್ಥಾಪನೆಯಾದ ಸಂಸ್ಥೆಗೆ 80ಜಿ ಸಿಗುವುದಿಲ್ಲ. ಆದ್ದರಿಂದ ಪ್ರತ್ಯೇಕ ಟ್ರಸ್ಟ್ ಬೇಕು. ಅದರ ಪತ್ರದಲ್ಲಿ ‘ಗ್ರಾಮದ ಎಲ್ಲ ಮಕ್ಕಳಿಗೆ’ ಎಂದೇ ಬರೆಯಬೇಕು ಮತ್ತು ಹಾಗೆಯೇ ನಡೆಯಬೇಕು. ನಮ್ಮ ಓಣಿಯ ಮಕ್ಕಳ ಜೊತೆ ಪಕ್ಕದ ಓಣಿಯ ಲಿಂಗಾಯತ, ಕುರುಬ, ದಲಿತ ಮಕ್ಕಳೂ ಕೂತು ಓದುತ್ತಾರೆ. ಅವರೆಲ್ಲ ಹೇಗೂ ಒಂದೇ ಸರ್ಕಾರಿ ಶಾಲೆಯಿಂದ ಬರುವವರು.

ಇನ್ನೊಂದು ತೊಡಕು ಇದೆ. ಸಿಎಸ್‌ಆರ್ ನಿಯಮದ ಪ್ರಕಾರ ನಮ್ಮಂಥ ಟ್ರಸ್ಟಿಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಎಂಬ ನೋಂದಣಿಯೂ ಕಡ್ಡಾಯ. ಹೀಗಾಗಿ ನಿನ್ನೆ ಹುಟ್ಟಿದ ಟ್ರಸ್ಟಿಗೆ ಕಂಪನಿ ಹಣ ನೇರವಾಗಿ ಬರುವುದಿಲ್ಲ. ಎರಡು ದಾರಿ ಉಳಿಯುತ್ತವೆ: ಈಗಾಗಲೇ ಅರ್ಹತೆ ಇರುವ ಸಂಸ್ಥೆಯ ಜೊತೆ ಸೇರಿ ಅರ್ಜಿ ಹಾಕುವುದು, ಇಲ್ಲವೇ ಮೊದಲ ವರ್ಷಗಳನ್ನು ಊರಿನ ದಾನದಲ್ಲಿ ನಡೆಸಿ ಹಾಜರಿ ಪುಸ್ತಕ, ಲೆಕ್ಕಪತ್ರ ಇಟ್ಟುಕೊಳ್ಳುವುದು. ನಮ್ಮ ಅಭಿಪ್ರಾಯ ಎರಡನೆಯದರ ಕಡೆಗಿದೆ, ನಿಧಾನವಾದರೂ.

ಊರಿನ ದಾನ ಎಂದಾಗ ಝಕಾತಿನ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಹನಫಿ ಮಸ್ಲಕಿನಲ್ಲಿ ಝಕಾತ್ ಅರ್ಹನ ಕೈಗೆ ಸೇರಿ ಅವನ ಸ್ವಂತದ್ದಾಗಬೇಕು. ಶಿಕ್ಷಕಿಯ ಸಂಬಳ, ಕೋಣೆಯ ಬಾಡಿಗೆ, ಕರೆಂಟ್ ಬಿಲ್ಲು ಝಕಾತಿನಿಂದ ಕೊಡಲಾಗದು. ಅವಕ್ಕೆ ನಫಿಲ್ ಸದಕಾ ಬಳಸಿರಿ. ಝಕಾತಿಗೆ ಅರ್ಹವಾದ ಬಡ ಮನೆಯ ಮಗುವಿಗೆ ಪುಸ್ತಕ, ಚೀಲ ಕೊಟ್ಟು ಅದರದ್ದೇ ಮಾಡಿದರೆ ಝಕಾತ್ ಸಲ್ಲುತ್ತದೆ. ಎರಡು ಹಣಕ್ಕೂ ಬೇರೆ ಬೇರೆ ಲೆಕ್ಕ ಇಡಿ. ಆಡಿಟರ್ ಕೂಡ ಅದನ್ನೇ ಕೇಳುತ್ತಾರೆ.

ಈಗ ಅರ್ಜಿಯ ಒಳಗೆ ಹೋಗೋಣ. ಹೆಚ್ಚಿನ ಅರ್ಜಿಗಳು ‘ನಮ್ಮ ಭಾಗ ಹಿಂದುಳಿದಿದೆ, ಮಕ್ಕಳು ಬಡವರು’ ಎಂದು ಆರಂಭವಾಗಿ ಅಲ್ಲೇ ಮುಗಿಯುತ್ತವೆ. ಕೊಡುವವರಿಗೆ ಬೇಕಾದದ್ದು, ಯಾವ ಮಗುವಿಗೆ ಏನು ಬರುವುದಿಲ್ಲ, ಒಂದು ವರ್ಷದ ನಂತರ ಏನು ಬರುತ್ತದೆ ಎಂಬುದು. ಇದಕ್ಕೆ ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯಲ್ಲಿ ಬಳಸುವ ಓದಿನ ಹಾಳೆ ಒಳ್ಳೆಯ ಸಾಧನ. (ನಮ್ಮ ಅಸರ್ ನಮಾಝಿಗೂ ಇದಕ್ಕೂ ಸಂಬಂಧವಿಲ್ಲ.) ಒಂದು ಮಗುವನ್ನು ಒಬ್ಬರೇ ಕೂರಿಸಿಕೊಂಡು ಮೊದಲು ಅಕ್ಷರ, ನಂತರ ಪದ, ನಂತರ ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಕೊನೆಗೆ ಎರಡನೇ ತರಗತಿ ಮಟ್ಟದ ಕಥೆ ಓದಿಸಬೇಕು. ಎಲ್ಲಿ ನಿಲ್ಲುತ್ತದೋ ಅದೇ ಆ ಮಗುವಿನ ಮಟ್ಟ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು.

ಲೆಕ್ಕಕ್ಕೆಂದು ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. 4ರಿಂದ 6ನೇ ತರಗತಿಯ 30 ಮಕ್ಕಳನ್ನು ಓದಿಸಿ ನೋಡಿದೆವು ಎನ್ನೋಣ. 5 ಮಕ್ಕಳಿಗೆ ಅಕ್ಷರವೂ ಗುರುತು ಸಿಗಲಿಲ್ಲ, 8 ಮಕ್ಕಳು ಅಕ್ಷರದಲ್ಲಿ, 9 ಮಕ್ಕಳು ಪದದಲ್ಲಿ ನಿಂತರು, 5 ಮಕ್ಕಳು ಪ್ಯಾರಾ, 3 ಮಕ್ಕಳು ಕಥೆ ಓದಿದರು. ಅಂದರೆ 22 ಮಕ್ಕಳು ಪ್ಯಾರಾ ತಲುಪಿಲ್ಲ. ‘ವರ್ಷದ ಕೊನೆಗೆ ಈ 22ರಲ್ಲಿ 14 ಮಕ್ಕಳು ಪ್ಯಾರಾ ಓದುವರು’ ಎಂಬ ಒಂದು ವಾಕ್ಯ ನಾಲ್ಕು ಪುಟದ ಪೀಠಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಕ್ಕಳನ್ನು ತರಗತಿಯ ಪ್ರಕಾರ ಅಲ್ಲ, ಈ ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸುತ್ತೇವೆ ಎಂದೂ ಬರೆಯಬೇಕು. ಆರನೆಯ ತರಗತಿಯ ಹುಡುಗನಿಗೆ ಒತ್ತಕ್ಷರ ಬರದಿದ್ದರೆ ಅವನ ಸಮಾಜ ವಿಜ್ಞಾನದ ಹೋಂವರ್ಕ್ ಬರೆಸಿ ಉಪಯೋಗವಿಲ್ಲ. ನಮ್ಮ ಮನೆಗಳಲ್ಲಿ ದಖನಿ ಮಾತಾಡುವ ಮಕ್ಕಳಿಗೆ ಇದು ಇನ್ನೂ ಕಷ್ಟ. ಅಕ್ಷರ ಕೂಡಿಸಿ ಓದಿದರೂ ಆ ಕನ್ನಡ ಪದದ ಅರ್ಥ ಹೊಳೆಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಕಥೆ ಹೇಳಿ ಮಾತಾಡಿಸುವುದನ್ನು ವೇಳಾಪಟ್ಟಿಯಲ್ಲೇ ಸೇರಿಸಿರಿ.

ಪರೀಕ್ಷೆಯಲ್ಲಿ ಮೋಸವಾಗುವುದು ಸುಲಭ. ಕಲಿಸಿದವರೇ ಪರೀಕ್ಷಿಸಿದರೆ ಎಲ್ಲರೂ ಪಾಸಾಗುತ್ತಾರೆ. ಒಂದು ಕೇಂದ್ರದ ಶಿಕ್ಷಕಿ ಇನ್ನೊಂದು ಕೇಂದ್ರದ ಮಕ್ಕಳನ್ನು ನೋಡಲಿ, ಕೊನೆಯ ಬಾರಿ ಪ್ಯಾರಾ ಬೇರೆಯದಿರಲಿ. ಶಾಲೆಯಿಂದಲೂ ಮಕ್ಕಳು ಅಷ್ಟಿಷ್ಟು ಕಲಿಯುತ್ತಾರೆ. ಆದ್ದರಿಂದ ಕೇಂದ್ರವಿಲ್ಲದ ಪಕ್ಕದ ಊರಿನ ಅಷ್ಟೇ ಮಕ್ಕಳನ್ನೂ ಎರಡು ಸಲ ಓದಿಸಿ ನೋಡಿದರೆ ನಮ್ಮ ಕೆಲಸದ ಪಾಲು ಎಷ್ಟೆಂದು ತಿಳಿಯುತ್ತದೆ.

ಬಜೆಟ್ಟಿಗೆ ಬರೋಣ. ತಾಲ್ಲೂಕಿಗೆ ಒಂದರಂತೆ 4 ಕೇಂದ್ರ, 120 ಮಕ್ಕಳು. ಕೇಂದ್ರಕ್ಕೊಬ್ಬ ಶಿಕ್ಷಕಿಗೆ ತಿಂಗಳಿಗೆ 6,000 ರೂಪಾಯಿಯಂತೆ ವರ್ಷಕ್ಕೆ 2,88,000. ನಾಲ್ಕೂ ಕೇಂದ್ರ ನೋಡಿಕೊಳ್ಳುವ ಒಬ್ಬ ಸಂಯೋಜಕರಿಗೆ 1,80,000, ಅವರ ಓಡಾಟಕ್ಕೆ 36,000. ಪುಸ್ತಕ, ಸಾಮಗ್ರಿಗೆ 60,000, ಶಿಕ್ಷಕಿಯರ ತರಬೇತಿಗೆ 24,000, ಆಡಿಟ್ಟಿಗೆ 12,000. ಒಟ್ಟು 6 ಲಕ್ಷ, ಮಗುವಿಗೆ 5,000. ಆದರೆ ಹೆಸರು ಬರೆಸಿದ 120ರಲ್ಲಿ 90 ಮಕ್ಕಳಷ್ಟೇ ನಿತ್ಯ ಬಂದರೆ ನಿಜವಾದ ಖರ್ಚು ಮಗುವಿಗೆ ಸುಮಾರು 6,670. ಈ ಎರಡನೆಯ ಸಂಖ್ಯೆಯನ್ನೂ ಅರ್ಜಿಯಲ್ಲಿ ನಾವೇ ಹೇಳಿಬಿಡುವುದು ಒಳ್ಳೆಯದು. ಸಂಯೋಜಕರ ಖರ್ಚು ಏಕೆ ಎಂದು ಕೇಳುತ್ತಾರೆ. ಶಿಗ್ಗಾವಿ ಜಿಲ್ಲೆಯ ಉತ್ತರಕ್ಕೆ, ಹಿರೇಕೆರೂರು ದಕ್ಷಿಣದ ಅಂಚಿಗೆ. ಯಾರೂ ಹೋಗಿ ನೋಡದ ಕೇಂದ್ರ ಕೆಲವೇ ತಿಂಗಳಲ್ಲಿ ಹಾಜರಿ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ. ಇದೇ ಉತ್ತರ.

ಕೋಣೆಗೆ ಬಾಡಿಗೆ ಹಾಕಿಲ್ಲ. ಶಾಲೆಯ ಕೋಣೆಗೆ ಎಸ್‌ಡಿಎಂಸಿಯ ಒಪ್ಪಿಗೆ ಪತ್ರ, ಇಲ್ಲವೇ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಪಂಚಾಯಿತಿಯ ಪತ್ರ ಪಡೆದು ಲಗತ್ತಿಸಿರಿ. ಮಸೀದಿಯ ಅಂಗಳ ಬೇಡ. ಬೇರೆ ಮನೆಯವರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸಲು ಹಿಂದೇಟು ಹಾಕುವುದು ಸಹಜ.

ಸಮಯವೂ ಮುಖ್ಯ. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಮಗ್ರಿಬ್ ಆಗುತ್ತದೆ. ಕತ್ತಲಾಗುವ ಮುನ್ನ ಹುಡುಗಿಯರು ಮನೆ ಸೇರಬೇಕು, ಮಗ್ರಿಬಿನ ನಂತರ ಮಕ್ತಬ್ ಇರುವ ಊರುಗಳಲ್ಲಿ ಮಕ್ಕಳು ಅಲ್ಲಿಗೂ ಹೋಗಬೇಕು. ಹಾಗಾಗಿ ಸಂಜೆ ನಾಲ್ಕೂವರೆಯಿಂದ ಆರು, ಅದಕ್ಕಿಂತ ಹೆಚ್ಚು ಬರೆಯಬೇಡಿ. ಗೋವಿನಜೋಳದ ಕಟಾವು, ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ದೊಡ್ಡ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿರುತ್ತಾರೆ. ಆ ವಾರಗಳ ಹಾಜರಿ ಇಳಿಯುವುದನ್ನು ಮೊದಲೇ ತಿಳಿಸಿ, ತಂಗಿಯನ್ನು ಕರೆದುಕೊಂಡೇ ಬರಬಹುದು ಎಂಬ ವ್ಯವಸ್ಥೆಯನ್ನೂ ಬರೆಯಿರಿ.

ಮೊದಲ ಓದಿನ ಪರೀಕ್ಷೆ ಜೂನ್‌ನಲ್ಲಿ ಶಾಲೆ ಆರಂಭವಾದೊಡನೆ ನಡೆಯಬೇಕು. ಮಂಜೂರಾತಿಗೆ ತಿಂಗಳುಗಳೇ ಹಿಡಿಯುವುದರಿಂದ ಅರ್ಜಿ ಹಿಂದಿನ ನವೆಂಬರ್‌ನಲ್ಲೇ ಹೋಗಲಿ. ಟ್ರಸ್ಟ್ ಪತ್ರದ ಕರಡು ಸಿದ್ಧವಿರುವ ಜಮಾತಿನವರು ನೋಂದಣಿಗೆ ಮುಂಚೆ ಅದನ್ನು ಒಬ್ಬ ವಕೀಲರಿಗೂ ಒಬ್ಬ ಲೆಕ್ಕ ಪರಿಶೋಧಕರಿಗೂ ತೋರಿಸಲಿ. ‘ಎಲ್ಲ ಮಕ್ಕಳಿಗೆ’ ಎಂಬ ಆ ಪದ ಇದೆಯೇ ಎಂಬುದನ್ನು ಮಾತ್ರ ತಾವೇ ಓದಿ ನೋಡಿಕೊಳ್ಳಲಿ.